ಟೈಟಲ್‌ನಲ್ಲಿ 🔥😱 ಹಾಕಿದರೆ ಕ್ಲಿಕ್ ಜಾಸ್ತಿ, ನಂಬಿಕೆ ಕಡಿಮೆ ಆಗುತ್ತಾ? ಒಣದ್ರಾಕ್ಷಿ ಚಾನೆಲ್‌ನವನ ಪ್ರಶ್ನೆ

ತಿಕೋಟಾ_ದ್ರಾಕ್ಷಿ

ಎಲ್ಲರಿಗೂ ನಮಸ್ಕಾರ. ನಾನು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ಜೊತೆಗೆ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ಬಳ್ಳಿ ಕತ್ತರಿಸುವ ಚಾಟ್ನಿ, ಔಷಧ ಹೊಡೆಯುವುದು, ಒಣದ್ರಾಕ್ಷಿ ಶೆಡ್ ಬಗ್ಗೆ ಆಗಾಗ ವಿಡಿಯೋ ಹಾಕುತ್ತೇನೆ. ಆದರೆ ಜನ ಕಾಯುವುದು ವಾರಕ್ಕೊಮ್ಮೆ ಬರುವ ದರದ ವಿಡಿಯೋಗೆ.

ಥಂಬ್‌ನೇಲ್ ಮಾಡಿಕೊಡುವ ಹುಡುಗ ಈ ಸೀಸನ್ ಶುರುವಿನಲ್ಲೇ ಹೇಳಿದ, "ಅಣ್ಣಾ, ಟೈಟಲ್ ಸಪ್ಪೆ ಇದೆ, ಬೆಂಕಿ ಹಾಕಿ" ಅಂತ. ಅಲ್ಲಿಂದ ನನ್ನ ಟೈಟಲ್ ಹೀಗಾಯಿತು:

🔥😱🔥 ರೈತರೇ ತಪ್ಪದೇ ನೋಡಿ!! ಒಣದ್ರಾಕ್ಷಿ ದರದಲ್ಲಿ ಭಾರೀ ಏರಿಕೆ 📈 ವಿಜಯಪುರ ಮಾರುಕಟ್ಟೆ

ಮೊದಲು ಕ್ಲಿಕ್ ಏರಿದವು, ಸುಳ್ಳು ಹೇಳುವುದಿಲ್ಲ. ಈಗ ಸಿಟಿಆರ್, ಅಂದರೆ ನೂರು ಸಲ ಕಂಡರೆ ಎಷ್ಟು ಸಲ ಒತ್ತಿದರು ಅನ್ನುವ ಲೆಕ್ಕ, ಇಳಿಯುತ್ತಿದೆ, ವ್ಯೂಸ್ ಮಾತ್ರ ಇಳಿದಿಲ್ಲ. ಮೊನ್ನೆ ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಹಾಕಿದೆ. ಒಬ್ಬ ಹಿರಿಯರು ಕೇಳಿದರು, "ಇದು ಖರೆ ದರಾನೋ, ಯೂಟ್ಯೂಬ್ ದರಾನೋ?" ನನಗೆ ಆ ಮಾತು ಚುಚ್ಚಿತು. ದರ ಸರಿಯಾಗಿಯೇ ಹೇಳಿದ್ದೆ.

ಇಮೋಜಿ ತೆಗೆಯಲಾ, ಇಡಲಾ? ತೆಗೆದರೆ ಕ್ಲಿಕ್ ಬೀಳುತ್ತವಾ? ಮಾಡಿ ನೋಡಿದವರು ಹೇಳಿ.

ಗೋಕಾಕ_ವ್ಲಾಗ್

ತೆಗೆಯಬೇಡಿ ಅಣ್ಣಾ. ಹೋಮ್ ಪೇಜಿನಲ್ಲಿ ಎಲ್ಲರ ಟೈಟಲ್ ಕಪ್ಪು ಅಕ್ಷರ. ಬಣ್ಣ ಇದ್ದದ್ದು ಕಣ್ಣಿಗೆ ಬೀಳುತ್ತದೆ, ಅಷ್ಟೇ. ನನ್ನ ಗೋಕಾಕ ಫಾಲ್ಸ್ ವಿಡಿಯೋಗೆ 😍🌊 ಹಾಕಿದ ಮೇಲೆಯೇ ಓಡಿದ್ದು.

ಒಂದು ಮಾತ್ರ ನೆನಪಿರಲಿ. ಮೂರಕ್ಕಿಂತ ಜಾಸ್ತಿ ಇಮೋಜಿ ಹಾಕಿದರೆ ಯೂಟ್ಯೂಬೇ ರೀಚ್ ಕಟ್ ಮಾಡುತ್ತದೆ.

ಮುಧೋಳ_ಮಾಸ್ತರ್

ಕನ್ನಡದಲ್ಲಿ ಒಂದು ವಾಕ್ಯ ನೆಟ್ಟಗೆ ಬರೆದರೆ ಬೆಂಕಿಯೂ ಬೇಡ, ಗಂಧಕವೂ ಬೇಡ. "ಭಾರೀ ಏರಿಕೆ" ಅಂದ ಮೇಲೆ ಅದರ ಪಕ್ಕ ಏರುವ ಗೆರೆ ಯಾಕೆ? ಓದುಗನಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೀರಾ?

ಬಬಲೇಶ್ವರ_ರೈತ

ನೋಡುವವನ ಮಾತೂ ಕೇಳಿ. ನಾನು ಇಂಥ ಚಾನೆಲ್ ನಾಲ್ಕೈದು ನೋಡುತ್ತೇನೆ. ಎಲ್ಲರೂ ಪ್ರತಿ ವಾರ ಬೆಂಕಿ ಹಚ್ಚುತ್ತಾರೆ. ದರ ಏರಿದಾಗಲೂ 🔥, ಇಳಿದಾಗಲೂ 🔥, ನಿಂತಲ್ಲೇ ನಿಂತಾಗಲೂ 🔥. ಹೀಗಾದರೆ ತೆರೆದು ನೋಡದೆ ಏನೂ ಗೊತ್ತಾಗುವುದಿಲ್ಲ. ತೆರೆದರೆ ಮೊದಲ ಎರಡು ನಿಮಿಷ "ಸಬ್‌ಸ್ಕ್ರೈಬ್ ಮಾಡಿ". ನನಗೆ ಬೇಕಿರುವುದು ಹಸಿರು ಮಾಲು ಎಷ್ಟು, ಹಳದಿ ಎಷ್ಟು, ಕಪ್ಪು ಎಷ್ಟು. ಸಾಂಗ್ಲಿ, ತಾಸಗಾಂವ ಮಾರುಕಟ್ಟೆಯಲ್ಲಿ ಏನು ನಡೆದಿದೆ. ಮಾಲು ಈಗ ಕೊಡಬೇಕಾ, ಕೋಲ್ಡ್ ಸ್ಟೋರೇಜಿನಲ್ಲಿ ಇನ್ನೂ ಇಡಬೇಕಾ, ಅದು ನನ್ನ ಚಿಂತೆ.

"ಭಾರೀ ಏರಿಕೆ" ಅಂದರೆ ಯಾವ ಮಾಲಿಗೆ? ಒಳ್ಳೆ ಹಸಿರು ಮಾಲಿನ ಒಂದು ಲಾಟ್ ದೊಡ್ಡ ದರಕ್ಕೆ ಹೋದರೆ ಅದನ್ನೇ ಟೈಟಲ್ ಮಾಡುತ್ತಾರೆ. ನಮ್ಮ ಮಾಲು ತಗೊಂಡು ಹೋದರೆ ಅದರ ಹತ್ತಿರವೂ ಬರುವುದಿಲ್ಲ. ಹಾಗಾಗಿ ಆ ಹಿರಿಯರು ಕೇಳಿದ್ದು ತಪ್ಪಲ್ಲ.

ತಿಕೋಟಾ_ದ್ರಾಕ್ಷಿ

@ಬಬಲೇಶ್ವರ_ರೈತ ಕಾಕಾ, ನಾನು ವಿಡಿಯೋದಲ್ಲಿ ಮೂರೂ ಮಾಲಿನ ದರ ಬೇರೆ ಬೇರೆ ಹೇಳುತ್ತೇನೆ. ಇನ್ನೊಂದು ವಿಷಯ, ನಾನು ದರ ಏರಿದ ವಾರ ಮಾತ್ರ 🔥 ಹಾಕುವುದು. ಇಳಿದ ವಾರ ಸುಮ್ನೆ "ಒಣದ್ರಾಕ್ಷಿ ದರ, ವಿಜಯಪುರ" ಅಂತ ಬರೆಯುತ್ತೇನೆ. ಬೆಂಕಿ ಇದ್ದ ವಾರ ಕ್ಲಿಕ್ ಜಾಸ್ತಿ ಇರುವುದು ಯೂಟ್ಯೂಬ್ ಸ್ಟುಡಿಯೋದಲ್ಲಿ ಕಾಣುತ್ತದೆ.

ಜಮಖಂಡಿ_ಎಡಿಟರ್

ಸರ್, ಗಂಟು ಇರುವುದು ನಿಮ್ಮ ಈ ಮಾತಿನಲ್ಲೇ. ದರ ಏರಿದ ವಾರ ಮಾತ್ರ ಬೆಂಕಿ ಹಾಕಿದ್ದೀರಿ. ದರ ಏರಿದ ವಾರ ಜನ ಹೇಗೂ ಜಾಸ್ತಿ ನೋಡುತ್ತಾರೆ. ಮಾಲು ಮನೆಯಲ್ಲಿ ಇಟ್ಟುಕೊಂಡವನಿಗೆ ಅದೇ ದೊಡ್ಡ ಸುದ್ದಿ ಅಲ್ವಾ? ಹಾಗಾದರೆ ಕ್ಲಿಕ್ ತಂದದ್ದು ದರವೋ, ಇಮೋಜಿಯೋ? ನಿಮ್ಮ ಲೆಕ್ಕದಿಂದ ಅದು ಗೊತ್ತಾಗುವುದೇ ಇಲ್ಲ. ಗೋಕಾಕದ ತಮ್ಮನ ಫಾಲ್ಸ್ ವಿಡಿಯೋಗೂ ಇದೇ ಮಾತು. ಮಳೆಗಾಲದಲ್ಲಿ ನೀರು ತುಂಬಿ ಬಿದ್ದಾಗ ಹಾಕಿದ್ದರೆ, ಓಡಿಸಿದ್ದು ಘಟಪ್ರಭೆ, 🌊 ಅಲ್ಲ.

ಇನ್ನು ಸಿಟಿಆರ್ ಇಳಿದದ್ದು. ನಾನು ಜಮಖಂಡಿಯಲ್ಲಿ ಮೂರ್ನಾಲ್ಕು ಚಾನೆಲ್‌ಗಳ ಕೆಲಸ ನೋಡುತ್ತೇನೆ. ಎಲ್ಲರೂ ಗಾಬರಿಯಾಗುವುದು ಇದನ್ನೇ ನೋಡಿ. ಒಂದು ಲೆಕ್ಕ ಹೇಳುತ್ತೇನೆ, ಅಂಕಿ ನಾನು ಸುಮ್ನೆ ತಗೊಂಡದ್ದು. ಒಂದು ವಾರ ನಿಮ್ಮ ವಿಡಿಯೋ ಹೋಮ್ ಪೇಜಿನಲ್ಲಿ 10,000 ಸಲ ಕಾಣಿಸಿತು, ನೂರಕ್ಕೆ 3 ಜನ ಒತ್ತಿದರು. 300 ಕ್ಲಿಕ್. ಸರ್ಚ್‌ನಲ್ಲಿ 2,000 ಸಲ ಕಾಣಿಸಿತು, ನೂರಕ್ಕೆ 10 ಜನ ಒತ್ತಿದರು. 200 ಕ್ಲಿಕ್. ಒಟ್ಟು 12,000ಕ್ಕೆ 500, ಅಂದರೆ ಸಿಟಿಆರ್ 4.2.

ಮುಂದಿನ ವಾರ ಯೂಟ್ಯೂಬ್ ನಿಮ್ಮನ್ನು ಮೆಚ್ಚಿ ಹೋಮ್‌ನಲ್ಲಿ 30,000 ಸಲ ತೋರಿಸಿತು ಅಂದುಕೊಳ್ಳಿ. ಅಲ್ಲಿ ಒತ್ತುವವರು ಈಗಲೂ ನೂರಕ್ಕೆ 3. ಸರ್ಚ್ ಹಾಗೆಯೇ ಇದೆ. ಈಗ 32,000ಕ್ಕೆ 1,100 ಕ್ಲಿಕ್. ಕ್ಲಿಕ್ ಎರಡು ಪಟ್ಟು ದಾಟಿತು, ಸಿಟಿಆರ್ ಮಾತ್ರ 3.4ಕ್ಕೆ ಇಳಿಯಿತು. ಟೈಟಲ್ ಕೆಟ್ಟಿದೆ ಅಂತ ನೀವು ತಲೆ ಕೆಡಿಸಿಕೊಳ್ಳುತ್ತೀರಿ. ಕೆಟ್ಟದ್ದು ಏನೂ ಇಲ್ಲ. ದ್ರಾಕ್ಷಿ ಬೆಳೆಯದವರ ಮುಂದೆಯೂ ವಿಡಿಯೋ ಹೋಗಿದೆ, ಅಷ್ಟೇ. ವ್ಯೂಸ್ ಇಳಿದಿಲ್ಲ ಅಂದಿರಿ, ಅದಕ್ಕೆ ಇದು ನೆನಪಾಯಿತು.

ಹಾಗಾಗಿ ಒಟ್ಟು ಸಿಟಿಆರ್ ಬಿಡಿ. ಅನಾಲಿಟಿಕ್ಸ್‌ನಲ್ಲಿ ಟ್ರಾಫಿಕ್ ಸೋರ್ಸ್ ತೆರೆಯಿರಿ. ಹೋಮ್ ಪೇಜಿನದು ಬ್ರೌಸ್ ಫೀಚರ್ಸ್ ಅಂತ ಇರುತ್ತದೆ, ಸರ್ಚ್ ಬೇರೆ ಇರುತ್ತದೆ. ಬ್ರೌಸ್ ಅನ್ನು ಬ್ರೌಸ್ ಜೊತೆ ಹೋಲಿಸಿ, ಸರ್ಚ್ ಅನ್ನು ಸರ್ಚ್ ಜೊತೆ ಹೋಲಿಸಿ.

ಗೋಕಾಕ_ವ್ಲಾಗ್

ನಾನು ಫಾಲ್ಸ್ ವಿಡಿಯೋ ಹಾಕಿದ್ದು ಮಳೆಗಾಲದಲ್ಲೇ, ಒಪ್ಪುತ್ತೇನೆ. ಆದರೆ ರೀಚ್ ಕಟ್ ಆಗುವ ಮಾತು ಸುಳ್ಳಲ್ಲ. ನನ್ನ ಗೆಳೆಯನಿಗೆ ಆಗಿದೆ.

ಜಮಖಂಡಿ_ಎಡಿಟರ್

ಅರ್ಧ ಸರಿ ತಮ್ಮಾ. ಮೂರು ಇಮೋಜಿಗೆ ಬಿಡುವುದು, ನಾಲ್ಕಕ್ಕೆ ಹಿಡಿಯುವುದು ಅಂತ ಯೂಟ್ಯೂಬ್ ಎಲ್ಲೂ ನಿಯಮ ಹಾಕಿಲ್ಲ. ನಿಯಮ ಇರುವುದು ಬೇರೆ. ವಿಡಿಯೋದಲ್ಲಿ ಇಲ್ಲದ್ದನ್ನು ಟೈಟಲ್, ಥಂಬ್‌ನೇಲ್, ಡಿಸ್ಕ್ರಿಪ್ಶನ್‌ನಲ್ಲಿ ಇದೆ ಅಂತ ತೋರಿಸಬಾರದು. 2024ರ ಡಿಸೆಂಬರ್‌ನಲ್ಲಿ ಭಾರತಕ್ಕೇ ಅಂತ ಹೇಳಿದ್ದಾರೆ, ಬ್ರೇಕಿಂಗ್ ನ್ಯೂಸ್, ಪ್ರಚಲಿತ ವಿಷಯದ ವಿಡಿಯೋಗಳಲ್ಲಿ ಇಂಥ ಮೋಸದ ಟೈಟಲ್ ಇದ್ದರೆ ತೆಗೆಯುತ್ತೇವೆ ಅಂತ.

ನಿನ್ನ ಗೆಳೆಯನಿಗೆ ಏನಾಗಿರಬಹುದು ಅಂದರೆ, 😱 ನೋಡಿ ಜನ ಒತ್ತಿದ್ದಾರೆ, ಒಳಗೆ 😱 ಪಡುವಂಥದ್ದು ಏನೂ ಸಿಕ್ಕಿಲ್ಲ, ಹತ್ತು ಸೆಕೆಂಡಿಗೆ ಎದ್ದು ಹೋಗಿದ್ದಾರೆ. ಹಾಗೆ ಎದ್ದು ಹೋಗುವವರು ಜಾಸ್ತಿಯಾದರೆ ಯೂಟ್ಯೂಬ್ ಮುಂದೆ ತೋರಿಸುವುದು ಕಡಿಮೆ ಮಾಡುತ್ತದೆ. ಅದು ಇಮೋಜಿಗೆ ಬಿದ್ದ ದಂಡ ಅಲ್ಲ.

ನುಡಿ_ಬಳಗ

ಇಮೋಜಿ ಕಂಪ್ಯೂಟರಿನಲ್ಲಿ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಿ. ನಾನು ನುಡಿ ಸಾಫ್ಟ್‌ವೇರಿನಲ್ಲಿ ಟೈಟಲ್ ಟೈಪ್ ಮಾಡಿ ಯೂಟ್ಯೂಬ್‌ಗೆ ಪೇಸ್ಟ್ ಮಾಡಿದರೆ ಕನ್ನಡವೇ ಹೋಗಿ ಇಂಗ್ಲಿಷ್ ಚಿಹ್ನೆ ಬರುತ್ತವೆ. ಅದೂ ಇಮೋಜಿ ಸಮಸ್ಯೆಯಾ?

ಜಮಖಂಡಿ_ಎಡಿಟರ್

ಅಲ್ಲ. ನೀವು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದೀರಿ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವಾಗಿ ಕಾಣುವುದಿಲ್ಲ. ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ವಿಂಡೋಸ್ ಕೀ ಹಿಡಿದು ಚುಕ್ಕೆ ಒತ್ತಿದರೆ ಇಮೋಜಿ ಪಟ್ಟಿ ತೆರೆಯುತ್ತದೆ.

ಗುಳೇದಗುಡ್ಡ_ಖಣ

ನಾನು ಖಣ, ಇಳಕಲ್ ಸೀರೆ ಮಾರುವ ಚಾನೆಲ್ ನಡೆಸುತ್ತೇನೆ. ನನ್ನ ಅನುಭವ ಬೇರೆ ಇದೆ. ಟೈಟಲ್‌ಗಿಂತ ಡಿಸ್ಕ್ರಿಪ್ಶನ್‌ನಲ್ಲಿ ಇಮೋಜಿ ಕೆಲಸಕ್ಕೆ ಬರುತ್ತದೆ. ಫೋನ್ ನಂಬರಿನ ಮುಂದೆ 📞, ಅಂಗಡಿ ವಿಳಾಸದ ಮುಂದೆ 📍, ಕೊರಿಯರ್ ವಿವರದ ಮುಂದೆ 📦. ನಮ್ಮ ಗಿರಾಕಿಗಳಲ್ಲಿ ವಯಸ್ಸಾದ ಅಕ್ಕಂದಿರು ಜಾಸ್ತಿ. ಇಷ್ಟುದ್ದ ಬರಹದಲ್ಲಿ ನಂಬರ್ ಹುಡುಕಲು ಅವರಿಗೆ ಆಗುವುದಿಲ್ಲ. 📞 ಇದ್ದರೆ ಥಟ್ಟನೆ ಸಿಗುತ್ತದೆ.

ಆದರೆ ✅ ಮತ್ತು 💯 ಪೂರ್ತಿ ತೆಗೆದೆ. "✅ ಶುದ್ಧ ರೇಷ್ಮೆ 💯 ಗ್ಯಾರಂಟಿ" ಅಂತ ಬರೆದಿದ್ದಾಗ ಗಿರಾಕಿಗಳು ಫೋನ್ ಮಾಡಿ ಮೊದಲು ಕೇಳುತ್ತಿದ್ದದ್ದೇ "ಮೋಸ ಇಲ್ಲ ತಾನೇ?" ಅಂತ. ಸಾಲದ ಆ್ಯಪ್‌ನವರು, ಮನೆಯಲ್ಲೇ ಕುಳಿತು ದುಡಿಯಿರಿ ಅನ್ನುವವರು, ಎಲ್ಲರೂ ಅದೇ ✅💯 ಹಾಕುತ್ತಾರೆ. ಈಗ ನಾನು "ಸೆರಗು ರೇಷ್ಮೆ, ಒಡಲು ಹತ್ತಿ, ಕೈಮಗ್ಗ" ಅಂತ ಬರೆಯುತ್ತೇನೆ. ಫೋನ್ ಬಂದರೆ ನೇರ ಬಣ್ಣ, ದಡಿಯ ಮಾತು ಶುರುವಾಗುತ್ತದೆ.

ಬಬಲೇಶ್ವರ_ರೈತ

ಇದು ಖರೆ ಮಾತು ಅಕ್ಕಾರ. ಬೀಜ, ಔಷಧದವರ ಮೆಸೇಜೂ ಹೀಗೇ ಬರುತ್ತವೆ. 💯 ನೋಡಿದ ತಕ್ಷಣ ನಾನು ಮುಚ್ಚುತ್ತೇನೆ.

ಕಿವಿಯೇ_ಕಣ್ಣು

ನಾನು ಬೆಳಗಾವಿಯವನು. ನನಗೆ ಕಣ್ಣು ಕಾಣುವುದಿಲ್ಲ. ಫೋನನ್ನು ಸ್ಕ್ರೀನ್ ಓದಿ ಹೇಳುವ ಟಾಕ್‌ಬ್ಯಾಕ್‌ನಿಂದ ಬಳಸುತ್ತೇನೆ. ನೀವು ಯಾರೂ ಮಾತಾಡದ ಒಂದು ವಿಷಯ ಹೇಳಬೇಕು.

ಟಾಕ್‌ಬ್ಯಾಕ್ ಇಮೋಜಿಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ, ಅದರ ಹೆಸರನ್ನೂ ಓದುತ್ತದೆ. ಮೇಲಿನ ಟೈಟಲ್ ನನ್ನ ಫೋನಿನಲ್ಲಿ ಶುರುವಾಗುವುದು ಬೆಂಕಿ, ಆಮೇಲೆ ಹೆದರಿ ಕಿರುಚುವ ಮುಖ, ಮತ್ತೆ ಬೆಂಕಿ ಅಂತ. ಆಮೇಲೆ "ರೈತರೇ ತಪ್ಪದೇ ನೋಡಿ". ಇದು ಒಣದ್ರಾಕ್ಷಿ ವಿಡಿಯೋ ಅಂತ ಗೊತ್ತಾಗುವಷ್ಟರಲ್ಲಿ ನಾನು ಮುಂದಿನ ವಿಡಿಯೋಗೆ ಸರಿಸಿರುತ್ತೇನೆ. ನೀವು ಪಟ್ಟಿಯನ್ನು ಕಣ್ಣಾಡಿಸಿ ನೋಡುತ್ತೀರಿ. ನಾನು ಪ್ರತಿ ಟೈಟಲ್‌ನ ಮೊದಲ ಎರಡು ಪದ ಕೇಳಿ ತೀರ್ಮಾನ ಮಾಡುತ್ತೇನೆ.

ಇಮೋಜಿ ಕೊನೆಯಲ್ಲಿ ಇದ್ದರೆ ನನಗೆ ತೊಂದರೆ ಇಲ್ಲ. ಖಣದ ಅಕ್ಕನವರ 📞 ಒಳ್ಳೆಯದೇ, "ಟೆಲಿಫೋನ್ ರಿಸೀವರ್" ಅಂತ ಓದಿ ನಂಬರ್ ಓದುತ್ತದೆ. ಸಾಲು ಬೇರೆ ಮಾಡಲು ಕೆಲವರು ➖➖➖➖➖➖ ಹಾಕುತ್ತಾರೆ. ಅದು ಬೇಡ. ಅದನ್ನು ಕೇಳುತ್ತಾ ಕೂರುವುದು ದೊಡ್ಡ ಹಿಂಸೆ.

ತಿಕೋಟಾ_ದ್ರಾಕ್ಷಿ

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಡಿಸ್ಕ್ರಿಪ್ಶನ್‌ನಲ್ಲೂ ಆ ಗೆರೆ ಇದೆ, ಇವತ್ತೇ ತೆಗೆಯುತ್ತೇನೆ.

ಮುಧೋಳ_ಮಾಸ್ತರ್

ನೋಡಿದಿರಾ? ಪೂರ್ತಿ ತೆಗೆದರೆ ಯಾರಿಗೂ ತೊಂದರೆ ಇಲ್ಲ.

ಗೋಕಾಕ_ವ್ಲಾಗ್

ಮಾಸ್ತರೇ, ಪೂರ್ತಿ ತೆಗೆದರೆ ನೋಡುವವರೇ ಇರುವುದಿಲ್ಲ. 100 ಅಕ್ಷರ ಕೊಟ್ಟಿದ್ದಾರೆ, ಅದರಲ್ಲಿ ಇಮೋಜಿ ಒಂದೇ ಅಕ್ಷರದ ಜಾಗ ತಿನ್ನುತ್ತದೆ. ಹಾಕಿದರೆ ನಷ್ಟ ಏನು?

ಜಮಖಂಡಿ_ಎಡಿಟರ್

ನಷ್ಟ ಇದೆ. ಕನ್ನಡದವರಿಗೆ ಜಾಸ್ತಿ ಇದೆ.

ಟೈಟಲ್‌ಗೆ 100 ಅಕ್ಷರ ಹೌದು. ಆದರೆ ಕಂಪ್ಯೂಟರ್ ಎಣಿಸುವ ಅಕ್ಷರ ನಾವು ಎಣಿಸುವ ಅಕ್ಷರ ಅಲ್ಲ. "ದ್ರಾಕ್ಷಿ" ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿಗೆ ದ, ್, ರ, ಾ, ಕ, ್, ಷ, ಿ, ಒಟ್ಟು ಎಂಟು. "ಒಣದ್ರಾಕ್ಷಿ" ಬರೆದರೆ ಹತ್ತು ಹೋಯಿತು. ಒತ್ತಕ್ಷರ ಜಾಸ್ತಿ ಇರುವ ಟೈಟಲ್ ಬೇಗ ತುಂಬುತ್ತದೆ. ಇಮೋಜಿಯೂ ಎಲ್ಲವೂ ಒಂದೇ ಅಲ್ಲ. ಕೆಂಪು ಹೃದಯ ❤️ ಎರಡು ಸಂಕೇತ ಸೇರಿ ಆದದ್ದು. ಗಂಡ, ಹೆಂಡತಿ, ಮಗು ಇರುವ 👨‍👩‍👧 ಒಳಗೆ ಐದು ಇವೆ.

ಆದರೆ 100ರ ಮಿತಿಗಿಂತ ಮೊದಲೇ ಇನ್ನೊಂದು ಮಿತಿ ಬರುತ್ತದೆ. ಫೋನಿನ ಹೋಮ್ ಪೇಜಿನಲ್ಲಿ ಟೈಟಲ್ ಎರಡು ಸಾಲು ಕಾಣುತ್ತದೆ, ಆಮೇಲೆ ಮೂರು ಚುಕ್ಕೆ. ಕನ್ನಡದ ಅಕ್ಷರ ಅಗಲ. ಇಮೋಜಿ ಅದಕ್ಕಿಂತ ಅಗಲ. ಈಗ ತಿಕೋಟಾ ಸರ್ ಅವರ ಟೈಟಲ್ ನಿಮ್ಮ ಫೋನಿನಲ್ಲೇ ನೋಡಿ. ಮೊದಲ ಸಾಲು ಪೂರ್ತಿ 🔥😱🔥 ಮತ್ತು "ರೈತರೇ ತಪ್ಪದೇ ನೋಡಿ" ತಿಂದು ಹಾಕಿದೆ. "ಒಣದ್ರಾಕ್ಷಿ" ಎರಡನೇ ಸಾಲಿಗೆ ಬಂದಿದೆ. "ವಿಜಯಪುರ ಮಾರುಕಟ್ಟೆ" ಕಾಣುವುದೇ ಇಲ್ಲ. ಅಂದರೆ ನಿಂಬೆ ಬೆಳೆಯುವ ಇಂಡಿಯವನೂ, ಕಬ್ಬು ಬೆಳೆಯುವ ಮುಧೋಳದವನೂ ಒತ್ತುತ್ತಾನೆ, ತನ್ನದಲ್ಲ ಅಂತ ಎದ್ದು ಹೋಗುತ್ತಾನೆ. ಯಾರಿಗೆ ಬೇಕೋ ಅವರಿಗೆ ಊರೇ ಕಾಣುವುದಿಲ್ಲ. ಒಣದ್ರಾಕ್ಷಿಯನ್ನು "ಮಣೂಕ" ಅಂತ ಹುಡುಕುವವರೂ ನಿಮ್ಮ ಕಡೆ ಬಹಳ ಇದ್ದಾರೆ. ಆ ಪದಕ್ಕೆ ಜಾಗವೇ ಉಳಿದಿಲ್ಲ.

ಇನ್ನೊಂದು. ಆ 📈 ಇದೆಯಲ್ಲ, ಅದನ್ನು ದೊಡ್ಡದು ಮಾಡಿ ನೋಡಿ. ಹಲವು ಫೋನ್‌ಗಳಲ್ಲಿ ಏರುವ ಗೆರೆ ಕೆಂಪು, ಇಳಿಯುವ 📉 ಗೆರೆ ನೀಲಿ. ಇಮೋಜಿ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿಯ ಷೇರು ಪೇಟೆಯಲ್ಲಿ ಏರಿದ್ದನ್ನು ಕೆಂಪಿನಲ್ಲಿ ತೋರಿಸುತ್ತಾರೆ. ನಮಗೆ ಕೆಂಪು ಅಂದರೆ ಬಿತ್ತು ಅಂತ. ಸಣ್ಣ ಸ್ಕ್ರೀನಿನಲ್ಲಿ ಗೆರೆಯ ದಿಕ್ಕಿಗಿಂತ ಮೊದಲು ಬಣ್ಣ ಕಾಣುತ್ತದೆ. "ಏರಿಕೆ" ಅಂತ ಓದಿ ಪಕ್ಕದಲ್ಲಿ ಕೆಂಪು ನೋಡಿದವನು ಗೊಂದಲಕ್ಕೆ ಬೀಳದೆ ಇರುತ್ತಾನಾ? ದರದ ವಿಡಿಯೋದಲ್ಲಿ ಅದೊಂದನ್ನು ಮಾತ್ರ ಹಾಕಲೇಬೇಡಿ.

ಬಬಲೇಶ್ವರ_ರೈತ

ಈಗ ತೆರೆದು ನೋಡಿದೆ. ಕೆಂಪೇ ಇದೆ!

ಬೆಳಗಾವಿ_ಸುದ್ದಿಮನೆ

ನಾನು ಮೊದಲು ಒಂದು ಸ್ಥಳೀಯ ನ್ಯೂಸ್ ಚಾನೆಲ್‌ನಲ್ಲಿ ಅಪ್‌ಲೋಡ್ ಕೆಲಸ ಮಾಡುತ್ತಿದ್ದೆ. ಹೆಸರು ಬೇಡ. ಅಲ್ಲಿ ರೆಕಾರ್ಡ್ ಮಾಡಿದ ವಿಡಿಯೋಗೂ ಟೈಟಲ್ ಶುರುವಿಗೆ 🔴 ಲೈವ್ ಅಂತ ಹಾಕಿಸುತ್ತಿದ್ದರು. ಕೃಷ್ಣಾ ನದಿಗೆ ನೀರು ಬಂದಾಗ ಇದು ಎಷ್ಟು ಕೆಟ್ಟದ್ದು ಅಂತ ಗೊತ್ತಾಯಿತು. ಮಹಾರಾಷ್ಟ್ರದಿಂದ ನೀರು ಬಿಟ್ಟ ಸುದ್ದಿಯನ್ನು ಹಿಂದಿನ ದಿನ ರೆಕಾರ್ಡ್ ಮಾಡಿದ್ದು. ಅದಕ್ಕೆ 🔴 ಹಾಕಿದರು. ಚಿಕ್ಕೋಡಿ, ಅಥಣಿ ಕಡೆಯ ಹೊಳೆದಂಡೆಯ ಊರಿನವರು ಅದನ್ನು ಈಗಿನ ಮಟ್ಟ ಅಂತ ತಿಳಿದು ಕಾಮೆಂಟಿನಲ್ಲಿ ಸೇತುವೆ ಮುಳುಗಿದೆಯಾ, ದನ ಬಿಚ್ಚಬೇಕಾ ಅಂತ ಕೇಳುತ್ತಿದ್ದರು. ಉತ್ತರ ಕೊಡುವವರು ಯಾರೂ ಇರಲಿಲ್ಲ. ನಾನು ಟೈಟಲ್‌ನಲ್ಲಿ ದಿನಾಂಕ ಮತ್ತು ಸಮಯ ಬರೆಯೋಣ ಅಂದೆ. ವ್ಯೂಸ್ ಬೀಳುತ್ತವೆ ಅಂದರು.

ನಿಜವಾದ ಲೈವ್ ಇದ್ದರೆ ಯೂಟ್ಯೂಬೇ ವಿಡಿಯೋ ಮೇಲೆ ಲೈವ್ ಅಂತ ಹಾಕುತ್ತದೆ. ನಾವು 🔴 ಹಾಕುವ ಅಗತ್ಯವೇ ಇಲ್ಲ. ಹಾಕುವುದು ಲೈವ್ ಅಲ್ಲದ ಕಡೆ ಮಾತ್ರ, ಅದು ಶುದ್ಧ ಸುಳ್ಳು. 🔥 ಬಗ್ಗೆ ಬೇಕಾದರೆ ವಾದ ಮಾಡಿ. 🔴 ಬಗ್ಗೆ ನನಗೆ ವಾದವೇ ಇಲ್ಲ.

ಕಿವಿಯೇ_ಕಣ್ಣು

ಈ ಮಾತಿಗೆ ನೂರು ಲೈಕ್.

ಖಾನಾಪುರ_ಕಾಡು

ಬೆಳಗಾವಿ ಮಾತು ಬಂದಿದ್ದಕ್ಕೆ ಒಂದು. ನಾನು ಖಾನಾಪುರದ ಕಾಡು, ಹಕ್ಕಿ, ಮಳೆಗಾಲದ ಹಳ್ಳಿಗಳ ವಿಡಿಯೋ ಮಾಡುತ್ತೇನೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ವಿಡಿಯೋಗೆ 💛❤️ ಹಾಕಿದೆ. ಕನ್ನಡ ಬಾವುಟದ ಇಮೋಜಿ ಇಲ್ಲವಲ್ಲ, ಎಲ್ಲರೂ ಇದನ್ನೇ ಹಾಕುತ್ತಾರೆ. ನನ್ನ ನೋಡುಗರಲ್ಲಿ ಮರಾಠಿ ಮನೆಮಾತಿನವರೂ ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬರು, "ಹಕ್ಕಿ ನೋಡಲು ಬರುತ್ತಿದ್ದೆವು, ಇಲ್ಲೂ ಬಣ್ಣ ಬಂತಾ?" ಅಂತ ಬರೆದರು. ಇನ್ನೊಂದು ಸಲ ಒಂದು ಕೋಟೆಯ ವಿಡಿಯೋಗೆ 🚩 ಹಾಕಿದಾಗ ಕನ್ನಡದವರು ಬೈದರು. ಬೇರೆ ಊರಿನಲ್ಲಿ ಇವೆಲ್ಲ ಬರೀ ಚಿತ್ರ. ಇಲ್ಲಿ ಪಕ್ಷ ಹಿಡಿದ ಹಾಗೆ.

ರಾಜ್ಯೋತ್ಸವದ ವಿಡಿಯೋಗೆ 💛❤️ ಈಗಲೂ ಹಾಕುತ್ತೇನೆ, ಅದರಲ್ಲಿ ಮುಚ್ಚುಮರೆ ಇಲ್ಲ. ಹಕ್ಕಿಗಳ ವಿಡಿಯೋಗೆ ಹಾಕುವುದಿಲ್ಲ.

ಗೋಕಾಕ_ವ್ಲಾಗ್

ಕೆಲವರು ❤️💛 ಅಂತ ಉಲ್ಟಾ ಹಾಕುತ್ತಾರೆ. ಮೊದಲು ಹಳದಿ, ಆಮೇಲೆ ಕೆಂಪು. ಅದನ್ನಾದರೂ ಸರಿ ಮಾಡಿಕೊಳ್ಳಿ.

ಮುಧೋಳ_ಮಾಸ್ತರ್

ನಮ್ಮೂರಲ್ಲಿ ಮದುವೆ ಶುಭಾಶಯಕ್ಕೂ 💐, ಶ್ರದ್ಧಾಂಜಲಿಗೂ 💐. ಮೊನ್ನೆ ಒಬ್ಬರ ಹುಟ್ಟುಹಬ್ಬದ ವಿಡಿಯೋಗೆ ಹೆಸರು, ಫೋಟೋ ಮತ್ತು 💐🙏 ಮಾತ್ರ ಹಾಕಿದ್ದರು. ಅವರ ಮನೆಗೆ ಗಾಬರಿಯ ಫೋನ್ ಹೋಗಿವೆ. "ಹುಟ್ಟುಹಬ್ಬದ ಶುಭಾಶಯ" ಅಂತ ಎರಡು ಪದ ಬರೆದಿದ್ದರೆ ಸಾಕಿತ್ತು. ನಾನು ಹೇಳುವುದು ಇಷ್ಟೇ, ಮಾತು ಮೊದಲು ಇರಲಿ.

ತಿಕೋಟಾ_ದ್ರಾಕ್ಷಿ

ಬಹಳ ವಿಷಯ ಸಿಕ್ಕಿತು. ಜಮಖಂಡಿ ಸರ್, ಹಾಗಾದರೆ ನಾನು ಪರೀಕ್ಷೆ ಮಾಡುವುದು ಹೇಗೆ? ಸ್ಟುಡಿಯೋದಲ್ಲಿ ಟೈಟಲ್‌ಗಳನ್ನು ಹೋಲಿಸಿ ನೋಡುವ ಪರೀಕ್ಷೆ ಇದೆಯಲ್ಲ, ಅದರಲ್ಲಿ ಒಂದು ಇಮೋಜಿ ಇರುವುದು, ಒಂದು ಇಲ್ಲದ್ದು ಹಾಕಿ ಬಿಟ್ಟರೆ ಆಗುತ್ತಾ?

ಜಮಖಂಡಿ_ಎಡಿಟರ್

ದರದ ವಿಡಿಯೋಗೆ ಅದು ಕೆಲಸಕ್ಕೆ ಬರುವುದಿಲ್ಲ. ಆ ಪರೀಕ್ಷೆ ಮುಗಿಯಲು ಎರಡು ವಾರವೂ ಹಿಡಿಯಬಹುದು. ಅಷ್ಟರಲ್ಲಿ ನಿಮ್ಮ ದರ ಹಳಸಿರುತ್ತದೆ. ಸಣ್ಣ ಚಾನೆಲ್ ಆದರೆ ನೋಡುವವರ ಸಂಖ್ಯೆ ಸಾಲದೆ ಯಾವುದೂ ಗೆದ್ದಿಲ್ಲ ಅಂತಲೇ ಬರುವುದು ಜಾಸ್ತಿ. ಅದು ಗೆದ್ದದ್ದನ್ನು ಆರಿಸುವುದು ಕ್ಲಿಕ್ ನೋಡಿ ಅಲ್ಲ, ಎಷ್ಟು ಹೊತ್ತು ನೋಡಿದರು ಅನ್ನುವುದನ್ನು ನೋಡಿ. ಅದನ್ನು ನಿಮ್ಮ ಚಾಟ್ನಿ ವಿಡಿಯೋ, ಶೆಡ್ ವಿಡಿಯೋಗೆ ಇಡಿ. ಅವು ವರ್ಷ ಪೂರ್ತಿ ಓಡುತ್ತವೆ.

ದರಕ್ಕೆ ಕೈಯಾರೆ ಮಾಡಬೇಕು. ಒಂದು ವಾರ ಇಮೋಜಿ ಹಾಕಿ, ಮುಂದಿನ ವಾರ ಬೇಡ. ಮತ್ತೆ ಹಾಕಿ, ಮತ್ತೆ ಬಿಡಿ. ದರ ಏರಲಿ, ಇಳಿಯಲಿ, ಸರದಿ ತಪ್ಪಿಸಬೇಡಿ. ಮುಖ್ಯ ಅದೇ. ಇಳಿದ ವಾರಕ್ಕೆ ಇಮೋಜಿ ಸರದಿ ಬಂದರೂ ಹಾಕಲೇಬೇಕು. ಥಂಬ್‌ನೇಲ್ ಒಂದೇ ನಮೂನೆ ಇರಲಿ, ಅಪ್‌ಲೋಡ್ ಸಮಯ ಒಂದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಆಮೇಲೆ ಪ್ರತಿ ವಿಡಿಯೋದ ಮೊದಲ ಎರಡು ದಿನದ ಲೆಕ್ಕ ಬರೆದಿಡಿ. ಬ್ರೌಸ್‌ನ ಸಿಟಿಆರ್ ಒಂದು. ರಿಟೆನ್ಶನ್ ಗ್ರಾಫಿನಲ್ಲಿ 30ನೇ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದಾರೆ ಅನ್ನುವುದು ಇನ್ನೊಂದು. ಕ್ಲಿಕ್ ಏರಿ, 30ನೇ ಸೆಕೆಂಡಿಗೆ ಉಳಿದವರು ಕಡಿಮೆಯಾದರೆ, ಇಮೋಜಿ ತಪ್ಪು ಜನರನ್ನು ಕರೆತಂದಿದೆ. ಎರಡೂ ಏರಿದರೆ ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಒಂದೆರಡು ಸರದಿಗೆ ತೀರ್ಮಾನ ಮಾಡಬೇಡಿ, ಸೀಸನ್ ಪೂರ್ತಿ ಮಾಡಿ.

ನಾನಾದರೆ ಟೈಟಲ್ ಹೀಗೆ ಬರೆಯುತ್ತೇನೆ:

ಒಣದ್ರಾಕ್ಷಿ ದರ ವಿಜಯಪುರ | ಹಸಿರು ಮಾಲು ಏರಿಕೆ, ಕಪ್ಪು ಸ್ಥಿರ | ಮಣೂಕ 🍇

ಬೆಳೆ, ಊರು, ಸುದ್ದಿ ಮೊದಲು. 🍇 ಕೊನೆಗೆ, ಪ್ರತಿ ವಾರ ಅದೇ. ನಾಲ್ಕು ವಾರ ನೋಡಿದವನಿಗೆ ಇದು ನಿಮ್ಮದು ಅಂತ ಗುರುತು ಸಿಗುತ್ತದೆ. ಪರೀಕ್ಷೆಯಲ್ಲಿ ಅದನ್ನೇ ಹಾಕುವುದು, ತೆಗೆಯುವುದು ಮಾಡಿ.

ಗೋಕಾಕ_ವ್ಲಾಗ್

"ಹಸಿರು ಮಾಲು ಏರಿಕೆ" ಅಂತ ಟೈಟಲ್‌ನಲ್ಲೇ ಹೇಳಿಬಿಟ್ಟರೆ ಯಾರು ಒತ್ತುತ್ತಾರೆ? ವಿಷಯ ಮುಗಿದೇ ಹೋಯಿತಲ್ಲ. ಸ್ವಲ್ಪ ಮುಚ್ಚಿಡಬೇಕು.

ಬಬಲೇಶ್ವರ_ರೈತ

ನಾನು ಒತ್ತುತ್ತೇನೆ. ಎಷ್ಟು ಏರಿತು ಅಂತ ಬೇಡವಾ? ಯಾವ ನಮೂನೆಯ ಹಸಿರು ಮಾಲಿಗೆ ಅಂತ ಬೇಡವಾ?

ಗೋಕಾಕ_ವ್ಲಾಗ್

ನೀವು ಒತ್ತುತ್ತೀರಿ ಕಾಕಾ, ಮನೆಯಲ್ಲಿ ಮಾಲಿದೆ. ಹೊಸಬರು ಒತ್ತುವುದಿಲ್ಲ. ಚಾನೆಲ್ ಬೆಳೆಯಬೇಕಲ್ಲ. ನನ್ನಂಥ ಊರು ಸುತ್ತುವ ಚಾನೆಲ್‌ಗೆ ಈ ಲೆಕ್ಕ ಹೊಂದುವುದಿಲ್ಲ. 😍 ಹಾಕುವುದನ್ನು ನಾನಂತೂ ಬಿಡುವುದಿಲ್ಲ.

ಜಮಖಂಡಿ_ಎಡಿಟರ್

ನಿನ್ನ ಚಾನೆಲ್‌ಗೆ ಹೊಂದದೆ ಇರಬಹುದು. ಫಾಲ್ಸ್ ನೋಡಿ ಖುಷಿಪಡಲು ಬಂದವನಿಗೆ 😍 ಮೋಸ ಅಲ್ಲ. ದರ ನೋಡಿ ಮಾಲು ಮಾರುವವನ ಮಾತು ಬೇರೆ.

ತಿಕೋಟಾ ಸರ್‌ಗೆ ಇನ್ನೊಂದು ಹೇಳಬೇಕು, ಬಿಟ್ಟಿದ್ದೆ. ವಾಟ್ಸಾಪ್ ಗ್ರೂಪಿನಿಂದ ಬರುವ ಕ್ಲಿಕ್ ಸಿಟಿಆರ್‌ನಲ್ಲಿ ಬರುವುದೇ ಇಲ್ಲ. ಇಂಪ್ರೆಶನ್ ಅಂತ ಎಣಿಸುವುದು ಯೂಟ್ಯೂಬ್ ಒಳಗೆ ಥಂಬ್‌ನೇಲ್ ಕಂಡದ್ದನ್ನು ಮಾತ್ರ. ನೋಟಿಫಿಕೇಶನ್‌ನಿಂದ ಬಂದವರೂ ಅದರಲ್ಲಿ ಸೇರುವುದಿಲ್ಲ. ನಿಮ್ಮನ್ನು ಹೆಚ್ಚು ನಂಬುವವರು ಬರುವುದು ಈ ಎರಡು ದಾರಿಯಿಂದಲೇ. ಹಾಗಾಗಿ ಆ ಹಿರಿಯರ ಸಂಶಯ ನಿಮ್ಮ ಸಿಟಿಆರ್‌ನಲ್ಲಿ ಎಂದೂ ಕಾಣುವುದಿಲ್ಲ. ಟ್ರಾಫಿಕ್ ಸೋರ್ಸ್‌ನಲ್ಲಿ ಎಕ್ಸ್‌ಟರ್ನಲ್ ತೆರೆದರೆ ವಾಟ್ಸಾಪ್‌ನಿಂದ ಬಂದ ವ್ಯೂಸ್ ಕಾಣುತ್ತವೆ. ಬೆಂಕಿ ಹಾಕಲು ಶುರು ಮಾಡಿದ ಮೇಲೆ ಅದು ಕುಗ್ಗಿದೆಯಾ ನೋಡಿ.

ತಿಕೋಟಾ_ದ್ರಾಕ್ಷಿ

ನೋಡಿದೆ ಸರ್. ಹೋದ ಸೀಸನ್‌ಗಿಂತ ಕಡಿಮೆ ಇದೆ. ಆದರೆ ಈ ಸಲ ಎರಡು ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿದ್ದಾರೆ. ಅದರಿಂದಲೂ ಇರಬಹುದು.

ಜಮಖಂಡಿ_ಎಡಿಟರ್

ಹೌದು, ಇರಬಹುದು. ಅದನ್ನು ಇಮೋಜಿ ತಲೆಗೆ ಕಟ್ಟಬೇಡಿ.

ಗುಳೇದಗುಡ್ಡ_ಖಣ

ತಿಕೋಟಾ ಅಣ್ಣಾ, ಒಂದು ಸಲಹೆ. ಡಿಸ್ಕ್ರಿಪ್ಶನ್‌ನ ಮೊದಲ ಸಾಲಿನಲ್ಲೇ ಮೂರು ಮಾಲಿನ ದರ ಮತ್ತು ದಿನಾಂಕ ಬರೆದುಬಿಡಿ. ಮೊದಲು ಕಣ್ಣಿಗೆ ಬೀಳುವುದು ಆ ಸಾಲೇ. ಅಲ್ಲಿ ಈಗ "🙏 ನಮಸ್ಕಾರ ರೈತ ಬಾಂಧವರೇ 🙏" ಅಂತ ಇದೆ.

ತಿಕೋಟಾ_ದ್ರಾಕ್ಷಿ

ಸರಿ ಅಕ್ಕಾರ. ನಮಸ್ಕಾರ ಕೆಳಗೆ ಹೋಗುತ್ತದೆ. ಈ ವಾರ ಇಮೋಜಿ ಇಲ್ಲದ ಸರದಿ, ಮುಂದಿನ ವಾರ 🍇. ದರ ಇಳಿದರೂ ಸರದಿ ತಪ್ಪಿಸುವುದಿಲ್ಲ. ಥಂಬ್‌ನೇಲ್ ಹುಡುಗ ಮಾತ್ರ ಒಪ್ಪುತ್ತಿಲ್ಲ, ಥಂಬ್‌ನೇಲ್ ಮೇಲಾದರೂ ಒಂದು 😱 ಇರಲಿ ಅನ್ನುತ್ತಿದ್ದಾನೆ.

ಬೆಳಗಾವಿ_ಸುದ್ದಿಮನೆ

ಥಂಬ್‌ನೇಲ್ ಬದಲಾದರೆ ಪರೀಕ್ಷೆ ಕೆಟ್ಟಿತು. ಸೀಸನ್ ಮುಗಿಯುವವರೆಗೆ ಕೈ ಹಚ್ಚಬೇಡ ಅಂತ ಹೇಳಿ.